ವಾಕ್ಯದ ಬಾಲ



ಭಾನುವಾರ ಬೆಳಿಗ್ಗೆ ಈ ಹೊತ್ತಿಗೆ ನಮ್ಮ ಎಷ್ಟೋ ಮನೆಗಳಲ್ಲಿ ಫೋನು ಚೊಂಬಿಗೋ ಸಕ್ಕರೆ ಡಬ್ಬಿಗೋ ಒರಗಿ ನಿಂತಿರುತ್ತದೆ. ಅದರೊಳಗೆ ಮೊಮ್ಮಗುವಿನ ಮುಖ. ಇಲ್ಲಿ ಆರೂವರೆ ಆದರೆ ಬೇಸಿಗೆಯಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ಶನಿವಾರ ರಾತ್ರಿ ಎಂಟು ಗಂಟೆ, ಮಗು ಮಲಗುವುದಕ್ಕೆ ಇನ್ನೂ ಸ್ವಲ್ಪ ಸಮಯವಿದೆ. ಮಾತು ಕನ್ನಡದಲ್ಲೇ ಶುರುವಾಗುತ್ತದೆ. ಊಟ ಆಯ್ತಾ, ಏನು ತಿಂದೆ, ತಂಗಿ ಎಲ್ಲಿ, ಅಲ್ಲಿ ಮಳೆನಾ ಬಿಸಿಲಾ. ಇಪ್ಪತ್ತು ನಿಮಿಷ ಕಳೆದ ಮೇಲೆ ಕಿವಿಗೊಟ್ಟರೆ ಮಗು ಇಂಗ್ಲಿಷಿನಲ್ಲಿ ಹೇಳುತ್ತಿರುತ್ತದೆ, ಅಜ್ಜಿ ಹೂಂಗುಡುತ್ತಿರುತ್ತಾರೆ. ಎಲ್ಲಿ ಜಾರಿತು ಎಂದು ಇಬ್ಬರನ್ನು ಕೇಳಿದರೂ ಉತ್ತರವಿಲ್ಲ.

ಇಂಗ್ಲಿಷ್ ಪದ ಬಂದ ಕೂಡಲೇ ಕನ್ನಡ ಹೋಯಿತು ಎಂದು ಹಲವರು ಗಾಬರಿಯಾಗುತ್ತಾರೆ. ಅದು ತಪ್ಪು ಲೆಕ್ಕ. ‘ಸ್ಕೂಲಿಗೆ ಲೇಟಾಯ್ತು ಅಜ್ಜಿ, ಬಸ್ ಮಿಸ್ ಮಾಡ್ಕೊಂಡೆ’ ಎಂದು ಮಗು ಹೇಳಿದರೆ ಅದು ಅಪ್ಪಟ ಕನ್ನಡ ವಾಕ್ಯ. ಸ್ಕೂಲಿಗೆ ‘ಗೆ’ ಹತ್ತಿದೆ, ಲೇಟು ಎನ್ನುವುದಕ್ಕೆ ‘ಆಯ್ತು’ ಬಂದಿದೆ, ಮಿಸ್ ಎನ್ನುವುದನ್ನು ‘ಮಾಡ್ಕೊಂಡೆ’ ಹಿಡಿದು ಕೂರಿಸಿದೆ. ಇಂಗ್ಲಿಷಿನ ಯಾವ ಕ್ರಿಯಾಪದ ಬಂದರೂ ‘ಮಾಡು’ ಅಥವಾ ‘ಆಗು’ ಸೇರಿಸಿ ಅದನ್ನು ಪಳಗಿಸಿಕೊಳ್ಳುವುದು ಕನ್ನಡಿಗರ ಹಳೆಯ ಚಾಳಿ. ಭಾಷಾವಿಜ್ಞಾನಿ ಎಸ್. ಎನ್. ಶ್ರೀಧರ್ ಅವರು ಕನ್ನಡದೊಳಗಿನ ಇಂಥ ಬೆರಕೆಯ ಬಗ್ಗೆ 1978ರಲ್ಲೇ ಬರೆದಿದ್ದಾರೆ. ಹಾಗಾಗಿ ನಾಮಪದಗಳನ್ನು ಎಣಿಸುತ್ತ ಕೂರಬೇಡಿ. ವಾಕ್ಯದ ಬಾಲವನ್ನು ಕೇಳಿ. ನಮ್ಮ ಕ್ರಿಯಾಪದ ಇರುವುದು ಕೊನೆಯಲ್ಲಿ. ಅಲ್ಲಿ ‘ಬಂದ್ರು’, ‘ಆಗ್ಲಿಲ್ಲ’, ‘ಕೊಟ್ಟೆ’ ಕೇಳಿಸುವವರೆಗೆ ಮಗು ಕನ್ನಡದಲ್ಲೇ ಇದೆ. ಆ ಬಾಲ ಎರಡು ಮೂರು ವಾಕ್ಯಗಳಲ್ಲಿ ಸತತವಾಗಿ ಕಾಣದಿದ್ದರೆ ಮಾತು ದಾಟಿಹೋಗಿದೆ.

ಆ ದಾಟುವಿಕೆಗೆ ಕೆಲವು ಗುರುತಿನ ಜಾಗಗಳಿವೆ. ಆಸ್ಟ್ರೇಲಿಯಾಕ್ಕೆ ವಲಸೆ ಬಂದ ಜರ್ಮನ್ ಭಾಷಿಕರ ಮಾತನ್ನು ಮೈಕೆಲ್ ಕ್ಲೈನ್ ಎಂಬ ವಿದ್ವಾಂಸರು 1960ರ ದಶಕದಲ್ಲಿ ಅಧ್ಯಯನ ಮಾಡಿದರು. ಎರಡೂ ಭಾಷೆಗೆ ಸಲ್ಲುವ ಪದವೊಂದು, ಒಂದು ಊರಿನ ಹೆಸರೋ ಎರವಲು ಪದವೋ, ಬಂದ ಮರುಕ್ಷಣ ಮಾತು ಇಂಗ್ಲಿಷಿಗೆ ಹೊರಳುವುದನ್ನು ಅವರು ಗಮನಿಸಿದರು. ಹೇಳುವವರಿಗೆ ಅದು ಗೊತ್ತೇ ಆಗಿರುವುದಿಲ್ಲ. ನಮ್ಮ ಮಕ್ಕಳಲ್ಲೂ ಸ್ನೇಹಿತನ ಹೆಸರು, ಆಟದ ಹೆಸರು, ಶಾಲೆಯ ಪ್ರಾಜೆಕ್ಟು ಇವು ಆ ಕೆಲಸ ಮಾಡುತ್ತವೆ. ಇನ್ನೊಂದು ಜಾಗ ಬೇರೆಯವರ ಮಾತನ್ನು ಹೇಳುವಾಗಿನದು. ಟೀಚರು ಮಾತಾಡಿದ್ದೇ ಇಂಗ್ಲಿಷಿನಲ್ಲಿ, ಮಗು ಅದನ್ನು ಹಾಗೇ ಒಪ್ಪಿಸುತ್ತದೆ. ಒಪ್ಪಿಸಿ ಕೊನೆಗೆ ‘ಅಂದ್ರು’ ಎಂದರೆ ಚಿಂತೆಯಿಲ್ಲ, ಕನ್ನಡದ ಬಾಗಿಲು ಹಾಕಿಕೊಂಡಂತಾಯಿತು. ‘ಟೀಚರ್ ಸೆಡ್’ ಎಂದೇ ಶುರು ಮಾಡಿದರೆ ಕೊನೆಯಲ್ಲಿ ಹಾಕಲು ಬಾಗಿಲೇ ಇರುವುದಿಲ್ಲ, ಮುಂದಿನದೆಲ್ಲ ಇಂಗ್ಲಿಷೇ. ಕಾರಣ ಹೇಳುವ ಜಾಗವೂ ಹೀಗೇ. ಕನ್ನಡದಲ್ಲಿ ಕಾರಣ ಸಾಮಾನ್ಯವಾಗಿ ಮೊದಲು ಬರುತ್ತದೆ: ‘ಜ್ವರ ಬಂದಿತ್ತು, ಅದಕ್ಕೇ ಹೋಗ್ಲಿಲ್ಲ’. ಮಗು ‘ಹೋಗ್ಲಿಲ್ಲ’ ಎಂದು ಮುಗಿಸಿ ‘ಬಿಕಾಸ್’ ಎಂದರೆ, ಅದರ ಹಿಂದೆ ಒಂದು ಇಡೀ ಇಂಗ್ಲಿಷ್ ವಾಕ್ಯ ಕಾದು ನಿಂತಿರುವುದೇ ಹೆಚ್ಚು. ‘ಸೋ’, ‘ಬಟ್’ ಅಷ್ಟು ಅಪಾಯದವಲ್ಲ. ಅವನ್ನು ನಾವೆಲ್ಲ ಕನ್ನಡದ ಮಧ್ಯೆ ಇಟ್ಟುಕೊಂಡು ದಶಕಗಳೇ ಆದವು.

ಜಾರಿದ್ದು ಗೊತ್ತಾಯಿತು. ಮುಂದೇನು? ‘ಕನ್ನಡದಲ್ಲಿ ಹೇಳು’ ಎನ್ನುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಅದರಿಂದ ಆಗುವುದು ಕಡಿಮೆ. ಕಥೆ ಅಲ್ಲೇ ನಿಲ್ಲುತ್ತದೆ, ಮತ್ತು ಯಾವ ಪದ ಸಿಗದೆ ಮಗು ಇಂಗ್ಲಿಷಿಗೆ ಹೋಯಿತೋ ಆ ಪದವನ್ನು ಈ ಅಪ್ಪಣೆ ಒದಗಿಸುವುದಿಲ್ಲ.

ಎಲಿಜಬೆತ್ ಲಾಂಜಾ ಎಂಬ ಭಾಷಾವಿಜ್ಞಾನಿ ನಾರ್ವೆಯಲ್ಲಿ ಎರಡು ಭಾಷೆಯ ಮನೆಗಳಲ್ಲಿ ಬೆಳೆಯುತ್ತಿದ್ದ ಪುಟ್ಟ ಮಕ್ಕಳ ಮಾತನ್ನು ಧ್ವನಿಮುದ್ರಿಸಿ ಕೂತು ಕೇಳಿದರು. ತಾಯಿಯದು ಇಂಗ್ಲಿಷ್, ತಂದೆಯದು ನಾರ್ವೇಜಿಯನ್. ಅಲ್ಲಿ ಹೊರಗೆಲ್ಲ ನಾರ್ವೇಜಿಯನ್ ಇದ್ದುದರಿಂದ ಕೊಚ್ಚಿಹೋಗುವ ಭಯ ಇದ್ದದ್ದು ಇಂಗ್ಲಿಷಿಗೆ! ಮಗು ‘ತಪ್ಪು’ ಭಾಷೆಯಲ್ಲಿ ಉತ್ತರಿಸಿದಾಗ ದೊಡ್ಡವರು ಏನು ಮಾಡುತ್ತಾರೆ ಎನ್ನುವುದನ್ನು ಅವರು ಐದು ಬಗೆಯಾಗಿ ನೋಡಿದರು. ಅರ್ಥವಾಗಲಿಲ್ಲ ಎಂಬಂತೆ ‘ಏನು?’ ಎನ್ನುವುದು. ತಮ್ಮ ಭಾಷೆಯಲ್ಲಿ ಊಹಿಸಿ ‘ಹೀಗಾ?’ ಎಂದು ಕೇಳುವುದು. ಮಗು ಹೇಳಿದ್ದನ್ನೇ ತಮ್ಮ ಭಾಷೆಯಲ್ಲಿ ಒಮ್ಮೆ ಆಡಿ ತೋರಿಸುವುದು. ಏನೂ ಆಗಿಲ್ಲವೆಂಬಂತೆ ಮಾತು ಮುಂದುವರಿಸುವುದು. ಕೊನೆಯದು, ತಾವೂ ಮಗುವಿನ ಭಾಷೆಗೆ ಹೊರಳಿಬಿಡುವುದು. ಈ ಸಾಲಿನಲ್ಲಿ ಮೊದಲ ತುದಿಗೆ ಹತ್ತಿರವಿದ್ದಷ್ಟೂ ಮಗುವಿಗೆ ‘ಇವರ ಹತ್ತಿರ ಈ ಭಾಷೆ’ ಎನ್ನುವುದು ಸ್ಪಷ್ಟವಾಗುತ್ತದೆ. ಎರಡು ವರ್ಷದ ಒಂದು ಹೆಣ್ಣುಮಗುವಿನ ತಾಯಿ ಆ ತುದಿಯಲ್ಲೇ ಹೆಚ್ಚು ನಿಲ್ಲುತ್ತಿದ್ದರು, ಮಗುವೂ ತಾಯಿಯ ಜೊತೆ ಅವರ ಭಾಷೆಯನ್ನು ಹೆಚ್ಚು ಉಳಿಸಿಕೊಂಡಿತ್ತು.

ಎರಡು ವರ್ಷದ ಮಗುವಿನ ಮುಂದೆ ‘ಏನು? ತಿಳೀಲಿಲ್ಲ’ ಎನ್ನಬಹುದು. ನನ್ನ ಪರಿಚಯದ ಸಾಗರದ ಅಜ್ಜಿಯೊಬ್ಬರಿಗೆ ಆ ದಾರಿ ಇಲ್ಲ. ಅವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು, ಅದು ಡಲ್ಲಾಸಿನಲ್ಲಿರುವ ಎಂಟು ವರ್ಷದ ಮೊಮ್ಮಗನಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಅವರು ನೆಚ್ಚುವುದು ಎರಡನೆಯದನ್ನು, ಊಹೆಯನ್ನು. ಅದರಲ್ಲೂ ಬೇಕೆಂದೇ ತಪ್ಪು ಊಹೆಯನ್ನು.

ಒಂದು ದಿನದ ಮಾತು ಹೀಗಿತ್ತು. ಹುಡುಗ ಸಾಕರ್ ಆಡಿ ಬಂದಿದ್ದ. ‘ಅಜ್ಜಿ, ನಮ್ಮ ಟೀಮ್ ಸೋತೋಯ್ತು, ಬಿಕಾಸ್ ದ ರೆಫರಿ ಡಿಡಂಟ್ ಸೀ ಇಟ್, ಹಿ ಪುಷ್ಡ್ ಮಿ’ ಎಂದು ಶುರುವಾದದ್ದು ಇಂಗ್ಲಿಷಿನಲ್ಲೇ ಓಡಿತು. ಅಜ್ಜಿ ತಡೆಯಲಿಲ್ಲ. ಅವನಿಗೆ ಕೋಪ ಬಂದಿತ್ತು, ಹೇಳಿ ಮುಗಿಸಲಿ ಎಂದು ಬಿಟ್ಟರು. ಅವನು ಉಸಿರೆಳೆದುಕೊಂಡಾಗ ಕೇಳಿದರು: ‘ಅಯ್ಯೋ, ನೀನು ಆ ಹುಡುಗನ್ನ ತಳ್ಳಿದ್ಯಾ ಪುಟ್ಟ?’

‘ನೋ ಅಜ್ಜಿ! ಹಿ ಪುಷ್ಡ್ ಮಿ!’

‘ಯಾರು ತಳ್ಳಿದ್ದು? ಯಾರನ್ನ ತಳ್ಳಿದ್ದು?’

‘ಅವನು. ಅವನು ನನ್ನ ತಳ್ಳಿದ.’

‘ಅವನು ನಿನ್ನನ್ನ ತಳ್ಳಿದ್ನಾ! ಬಿದ್ದೆಯಾ?’

‘ಹೂಂ, ಬಿದ್ದೆ. ಮಡ್‌ನಲ್ಲಿ ಬಿದ್ದೆ.’

‘ಕೆಸರಲ್ಲಿ ಬಿದ್ಯಾ? ಅಂಗಿ ಎಲ್ಲ ಕೆಸರಾಯ್ತಾ?’

‘ಅಂಗಿ, ಶೂ, ಎಲ್ಲಾ ಕೆಸರಾಯ್ತು. ಅಮ್ಮ ಬೈದ್ಲು.’

ಇಲ್ಲಿ ನಡೆದದ್ದನ್ನು ನಿಧಾನವಾಗಿ ನೋಡಿ. ಹುಡುಗನಿಗೆ ಸಿಗದೆ ಹೋದದ್ದು ‘ತಳ್ಳು’ ಎಂಬ ಕ್ರಿಯಾಪದ. ಅದನ್ನು ಪ್ರಶ್ನೆಯೇ ಕೈಗಿತ್ತಿತು. ಅವನು ಮಾಡಬೇಕಾಗಿದ್ದು ‘ತಳ್ಳಿದ್ಯಾ’ ಎನ್ನುವುದರ ಕೊನೆಯನ್ನು ಬದಲಿಸಿ ‘ತಳ್ಳಿದ’ ಎನ್ನುವುದಷ್ಟೆ. ಊಹೆ ಸರಿಯಾಗಿದ್ದರೆ ಅವನು ‘ಯಾ’ ಎಂದು ತಲೆಯಾಡಿಸಿ ಮತ್ತೆ ಇಂಗ್ಲಿಷಿಗೆ ಹೋಗುತ್ತಿದ್ದ. ತಪ್ಪಾಗಿದ್ದಕ್ಕೆ, ಅದರಲ್ಲೂ ತನ್ನ ಮೇಲೇ ಅಪವಾದ ಬಂದದ್ದಕ್ಕೆ, ಪೂರ್ತಿ ವಾಕ್ಯ ಹೇಳಲೇಬೇಕಾಯಿತು. ಮೊದಲ ಸಲ ಅವನು ಇಂಗ್ಲಿಷಿನಲ್ಲೇ ಅಲ್ಲಗಳೆದದ್ದನ್ನೂ ಗಮನಿಸಿ. ಒಂದೇ ಪ್ರಶ್ನೆಗೆ ಮಾತು ತಿರುಗುವುದು ಅಪರೂಪ. ಎರಡನೆಯ ಪ್ರಶ್ನೆಯಲ್ಲೂ ಅದೇ ಕ್ರಿಯಾಪದ ಇರಬೇಕು. ‘ಮಡ್’ ಎಂಬುದನ್ನು ಅವರು ತಿದ್ದಲಿಲ್ಲ, ಮುಂದಿನ ಪ್ರಶ್ನೆಯೊಳಗೆ ‘ಕೆಸರು’ ಇಟ್ಟರು, ಅವನು ಎತ್ತಿಕೊಂಡ. ಎತ್ತಿಕೊಳ್ಳದಿದ್ದರೂ ನಷ್ಟವಿರಲಿಲ್ಲ, ‘ಮಡ್‌ನಲ್ಲಿ ಬಿದ್ದೆ’ ಎನ್ನುವುದರ ಬಾಲ ಕನ್ನಡದ್ದೇ.

ಈ ಕೆಲಸವನ್ನು ಕೆಡಿಸುವವರು ಹೆಚ್ಚಾಗಿ ಪಕ್ಕದಲ್ಲಿ ಕೂತ ಪ್ರೀತಿಪಾತ್ರರು. ಮಗು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಮ್ಮ ಕೂಡಲೇ ‘ಅದೇನಂದ್ರೆ ಅತ್ತೆ’ ಎಂದು ಕನ್ನಡಕ್ಕೆ ತಂದುಬಿಟ್ಟರೆ, ಮಗುವಿನ ಪಾಲಿನ ಕೆಲಸ ಮುಗಿಯಿತು. ಇನ್ನು ನಗುವ ಚಿಕ್ಕಪ್ಪಂದಿರು. ‘ಅಜ್ಜ ಬಂತು’ ಎಂದು ಮಗು ಹೇಳಿದಾಗ ಎಲ್ಲರೂ ಸೇರಿ ನಕ್ಕರೆ ಮುಂದಿನ ವಾಕ್ಯ ಇಂಗ್ಲಿಷಿನಲ್ಲಿ ಬರುತ್ತದೆ, ಅಲ್ಲಿ ಅದನ್ನು ನೋಡಿ ಯಾರೂ ನಗುವುದಿಲ್ಲವಲ್ಲ. ‘ಹೌದಾ, ಅಜ್ಜ ಬಂದ್ರಾ? ಯಾವಾಗ ಬಂದ್ರು?’ ಎಂದರೆ ತಿದ್ದಿದ್ದೂ ಆಯಿತು, ಮಾತೂ ಮುಂದೆ ಹೋಯಿತು. ಅಜ್ಜಿಯರೂ ಪೂರ್ತಿ ನಿರ್ದೋಷಿಗಳಲ್ಲ. ಮುಖ ಕಂಡ ಕೂಡಲೇ ‘ಹಾಯ್, ಹೌ ವಾಸ್ ಸ್ಕೂಲ್’ ಎಂದು ಆರಂಭಿಸುವ ಎಷ್ಟೋ ಜನರನ್ನು ಕೇಳಿದ್ದೇನೆ. ದೂರುವವರೂ ಅವರೇ.

ಎಲ್ಲ ಮಾತನ್ನೂ ಹೀಗೆ ತಿರುಗಿಸಲು ಹೋಗಬಾರದು. ಮಗು ಅಳುತ್ತಿದ್ದರೆ, ಶಾಲೆಯಲ್ಲಿ ಯಾರೋ ನೋಯಿಸಿದ್ದನ್ನು ಹೇಳುತ್ತಿದ್ದರೆ, ಅದು ಯಾವ ಭಾಷೆಯಲ್ಲಿ ಬರುತ್ತದೋ ಬರಲಿ. ಭಿನ್ನರಾಶಿಯ ಲೆಕ್ಕವನ್ನೋ ವಿಜ್ಞಾನದ ಪ್ರಯೋಗವನ್ನೋ ಕನ್ನಡದಲ್ಲಿ ಹೇಳಲು ಅವನು ಆ ಪದಗಳನ್ನು ಎಂದೂ ಕೇಳಿಯೇ ಇಲ್ಲ. ಅದು ಹಟವಲ್ಲ, ಇಲ್ಲದ್ದು ಇಲ್ಲ. ಉತ್ತರಗಳು ಮೊಟಕಾಗುತ್ತ ‘ಯಾ’, ‘ನಥಿಂಗ್’, ‘ಫೈನ್’ಗೆ ಬಂದು ನಿಂತರೆ ನಿಮ್ಮ ಪ್ರಶ್ನೆಗಳು ಅವನಿಗೆ ಪರೀಕ್ಷೆಯಂತೆ ಕೇಳಿಸತೊಡಗಿವೆ ಎಂದರ್ಥ. ಆಗ ಆ ದಿನಕ್ಕೆ ಬಿಟ್ಟುಬಿಡುವುದೇ ಸರಿ.

ಹದಿಹರೆಯದವರ ಹತ್ತಿರ ತಪ್ಪು ಊಹೆಯ ಉಪಾಯ ನಡೆಯುವುದೂ ಇಲ್ಲ. ಸಾಗರದ ಆ ಅಜ್ಜಿಯ ದೊಡ್ಡ ಮೊಮ್ಮಗನಿಗೆ ಹದಿನಾಲ್ಕು. ಅಜ್ಜಿ ಬಾಯಿ ತೆಗೆದರೆ ಉಪಾಯ ಏನೆಂದು ಗೊತ್ತಾಗಿ ನಗುತ್ತಾನೆ. ಅಜ್ಜಿ ಅವನನ್ನು ಅಜ್ಜನಿಗೆ ಒಪ್ಪಿಸಿದರು. ಅಡಿಕೆ ತೋಟದಲ್ಲೇ ಜೀವನ ಕಳೆದ ಅಜ್ಜನಿಗೆ ಇಂಗ್ಲಿಷ್ ನಿಜವಾಗಿಯೂ ಬರುವುದಿಲ್ಲ, ಆಟ ಯಾವುದಾದರೂ ಟೀವಿ ಮುಂದಿನಿಂದ ಏಳುವುದೂ ಇಲ್ಲ. ಹುಡುಗನಿಗೆ ಅಮೆರಿಕನ್ ಫುಟ್‌ಬಾಲಿನ ಹುಚ್ಚು. ಹೋದ ಸಲ ಅವನು ನಾಲ್ಕು ಅವಕಾಶದಲ್ಲಿ ಹತ್ತು ಗಜ ಮುಂದೆ ಹೋಗಬೇಕು ಎನ್ನುವುದನ್ನು ತಡವರಿಸುತ್ತ ಕನ್ನಡದಲ್ಲಿ ವಿವರಿಸುತ್ತಿದ್ದ.

‘ಹೋಗ್ದೇ ಇದ್ರೆ?’ ಅಜ್ಜ ಕೇಳಿದರು.

‘ಬಾಲ್ ಆ ಕಡೆಯವರಿಗೆ ಹೋಗುತ್ತೆ ಅಜ್ಜ. ಅದಕ್ಕೇ ನಾಲ್ಕನೇ ಸಲ ಸಾಮಾನ್ಯವಾಗಿ ಒದ್ದುಬಿಡ್ತಾರೆ.’

‘ಮೊದಲ್ನೇ ಸಲವೇ ಒದೀಬಹುದಲ್ಲ?’

ಅದೇಕೆ ಕೂಡದು ಎಂದು ಹೇಳಲು ಅವನಿಗೆ ಹತ್ತು ನಿಮಿಷ ಬೇಕಾಯಿತು.