ಅರ್ಧ ನಿಮಿಷದ ಕುತೂಹಲ



ಪಾಡ್‌ಕಾಸ್ಟ್ ಎಂಬ ಮಾತು ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಮೊದಲು ಅಚ್ಚಾದದ್ದು 2004ರಲ್ಲಿ. ನಮ್ಮ ಬಾನುಲಿಯ ಭಾಷಣ ಗೊತ್ತಾದ ಹೊತ್ತಿಗೆ ಮನೆಗೆ ಬರುವ ಅತಿಥಿಯಾದರೆ, ಇದು ಕರೆದಾಗ ಬರುವ ಅತಿಥಿ. ಕೇಳುವವರು ತಮಗೆ ಬಿಡುವಾದಾಗ ಫೋನಿನಲ್ಲಿ ತೆರೆದು ಕೇಳುತ್ತಾರೆ. ಹಿಡಿಸದಿದ್ದರೆ ಹತ್ತನೆಯ ಸೆಕೆಂಡಿಗೇ ಮುಚ್ಚುತ್ತಾರೆ. ಆದ್ದರಿಂದ ಇಂಥ ಕಾರ್ಯಕ್ರಮಕ್ಕೆ ಮುನ್ನುಡಿಯಾಗಿ ಒಂದು ಚಿಕ್ಕ ತುಣುಕನ್ನು ಸಿದ್ಧಪಡಿಸುವುದು ರೂಢಿ. ಅದಕ್ಕೆ ಟ್ರೇಲರ್ ಎಂದು ಹೆಸರು. ಮೂವತ್ತು ಸೆಕೆಂಡುಗಳ ಅಂಥ ಒಂದು ತುಣುಕನ್ನು ಬರೆಯುವುದು ಹೇಗೆ ಎಂಬುದನ್ನು ಒಂದೇ ಒಂದು ಉದಾಹರಣೆಯಿಂದ ಹೇಳಬೇಕೆಂದಿದ್ದೇನೆ.

ನನಗೆ ಪರಿಚಯದ ತರುಣನೊಬ್ಬ ಸಣ್ಣ ಊರುಗಳಲ್ಲಿ ಸ್ವಂತ ಉದ್ಯಮ ನಡೆಸುವವರನ್ನು ಕುರಿತ ಒಂದು ಪಾಡ್‌ಕಾಸ್ಟನ್ನು ಆರಂಭಿಸಲು ಹೊರಟಿದ್ದ. ಮೊದಲ ಸಂಚಿಕೆ ಚನ್ನಪಟ್ಟಣದ ಆಟಿಕೆ ತಯಾರಕರೊಬ್ಬರದು. ಟ್ರೇಲರಿಗೆಂದು ಬರೆದ ಮಾತನ್ನು ಆತ ನನಗೆ ಓದಿ ತೋರಿಸಿದ. ಅದರಲ್ಲಿ ಎಂಬತ್ತು ಪದಗಳಿದ್ದವು. 'ಸ್ಫೂರ್ತಿದಾಯಕ ಯಶೋಗಾಥೆ', 'ಛಲ ಬಿಡದ ಸಾಧಕರು', 'ಕೇಳಲು ಮರೆಯದಿರಿ' ಎಲ್ಲವೂ ಇದ್ದವು. ಗಡಿಯಾರ ಹಿಡಿದು ಓದಿಸಿದೆ. ಐವತ್ತು ಸೆಕೆಂಡು ಮೀರಿತು. ಇಂಗ್ಲಿಷಿನಲ್ಲಿ ಅರ್ಧ ನಿಮಿಷಕ್ಕೆ ಎಪ್ಪತ್ತೈದು ಪದಗಳು ಹಿಡಿಸುತ್ತವೆಂದು ಆತ ಎಲ್ಲಿಯೋ ಓದಿದ್ದ. ಆದರೆ ಕನ್ನಡದ ಪದ ಉದ್ದನೆಯದು; ವಿಭಕ್ತಿಯನ್ನೂ ಕ್ರಿಯೆಯ ಕಾಲವನ್ನೂ ತನ್ನೊಳಗೇ ಹೊತ್ತುಕೊಂಡು ಬರುತ್ತದೆ. 'ತಿರುಗುತ್ತಿರುವುದು' ಎಂಬ ಒಂದೇ ಮಾತಿಗೆ ಒಂದು ಸೆಕೆಂಡು ಬೇಕು. ಸದ್ದಿಗೂ ಮೌನಕ್ಕೂ ಎಡೆ ಕೊಟ್ಟು ಮಾತಾಡುವುದಾದರೆ, ಅರ್ಧ ನಿಮಿಷಕ್ಕೆ ಕನ್ನಡದಲ್ಲಿ ಮೂವತ್ತೈದರಿಂದ ನಲವತ್ತು ಪದಗಳು ಧಾರಾಳವಾದವು.

ಉದ್ದವೇ ದೋಷವಾಗಿದ್ದರೆ ಕತ್ತರಿ ಸಾಕಾಗುತ್ತಿತ್ತು. ದೊಡ್ಡ ದೋಷ ಬೇರೆಯದು: ಆ ಬರಹದಲ್ಲಿ ಕೇಳುವವನಿಗೆ ತಿಳಿಯಬೇಕೆನ್ನಿಸುವಂಥದು ಯಾವುದೂ ಇರಲಿಲ್ಲ. 1994ರಲ್ಲಿ ಅಮೆರಿಕದ ವಿದ್ವಾಂಸ ಜಾರ್ಜ್ ಲೋವೆನ್‌ಸ್ಟೈನ್ ಕುತೂಹಲವನ್ನು ಕುರಿತು ಒಂದು ವಿಚಾರವನ್ನು ಮುಂದಿಟ್ಟರು. ಏನೂ ಗೊತ್ತಿಲ್ಲದವನಿಗೆ ಕುತೂಹಲ ಹುಟ್ಟುವುದಿಲ್ಲ. ಒಂದಿಷ್ಟು ಗೊತ್ತಿದ್ದು, ಅದರ ಪಕ್ಕದಲ್ಲಿ ಗೊತ್ತಿಲ್ಲದ ಒಂದು ತೆರಪು ಕಣ್ಣಿಗೆ ಬಿದ್ದಾಗ ಹುಟ್ಟುತ್ತದೆ ಎಂಬುದು ಅದರ ತಿರುಳು. ಅಂದರೆ ಟ್ರೇಲರ್ ಮೊದಲು ಏನನ್ನಾದರೂ ತಿಳಿಸಬೇಕು, ಆಮೇಲೆ ತೆರಪನ್ನು ತೋರಿಸಬೇಕು. 'ಇವರ ಯಶಸ್ಸಿನ ಗುಟ್ಟೇನು?' ಎಂಬ ಪ್ರಶ್ನೆಯಲ್ಲಿ ತಿಳಿಸಿದ್ದು ಏನೂ ಇಲ್ಲ. ಅದನ್ನು ಯಾವ ಊರಿನ ಯಾವ ಅಂಗಡಿಗಾದರೂ ಅಂಟಿಸಬಹುದು.

"ಆ ಆಟಿಕೆಯವರ ಬಳಿ ಕುಳಿತಾಗ ನಿನಗೇ ಅರ್ಥವಾಗದೆ ಹೋದದ್ದು ಯಾವುದು?" ಎಂದು ಕೇಳಿದೆ. ಆತ ಮೊದಲು ಕೆಲಸವನ್ನು ವರ್ಣಿಸಿದ. ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ಕಡೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅನಂತರ ಒಣಗಿದ ಎಲೆಯಿಂದ ತೀಡಿದರೆ ಹೊಳಪು ಬರುತ್ತದೆ. ಇವೆಲ್ಲ ಸೊಗಸಾದ ಸಂಗತಿಗಳೇ. ಆದರೆ ಇವು ಕಸುಬಿನ ವಿಷಯ, ಉದ್ಯಮದ್ದಲ್ಲ. ಸ್ವಲ್ಪ ತಡೆದು ಆತ ಹೇಳಿದ: "ಅವರ ಬುಗುರಿಯ ಅರ್ಧ ಬೆಲೆಗೆ ಪಕ್ಕದಂಗಡಿಯಲ್ಲಿ ಪ್ಲಾಸ್ಟಿಕ್ಕಿನದು ಸಿಗುತ್ತದೆ ಸಾರ್. ಆದರೂ ಹೋದ ತಿಂಗಳು ಸಾಲ ಮಾಡಿ ಎರಡನೆಯ ಲೇತ್ ತಂದಿದ್ದಾರೆ. ಯಾಕೆ ಅಂತ ನನಗೆ ತಕ್ಷಣ ಹೊಳೆಯಲಿಲ್ಲ."

ತೆರಪು ಅಲ್ಲಿತ್ತು. ಉದ್ಯಮಿಯ ಕಥೆಯಲ್ಲಿ ಕುತೂಹಲ ನೆಲಸುವುದು ಲೆಕ್ಕಕ್ಕೆ ವಿರುದ್ಧವಾಗಿ ಕಾಣುವ ಒಂದು ನಿರ್ಧಾರದಲ್ಲಿ. ಅದಕ್ಕೆ ಅವರು ಕೊಟ್ಟ ಉತ್ತರ ಧ್ವನಿಮುದ್ರಣದಲ್ಲಿ ಇದೆಯೇ ಎಂದು ವಿಚಾರಿಸಿದೆ. ಇದೆ ಎಂದ. ಇದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಸಂಚಿಕೆಯಲ್ಲಿ ಉತ್ತರವಿಲ್ಲದ ಪ್ರಶ್ನೆಯನ್ನು ಟ್ರೇಲರಿನಲ್ಲಿ ಎತ್ತುವುದು ಕೇಳುಗನಿಗೆ ಬಗೆವ ಮೋಸ.

ಆತ ಮತ್ತೆ ಬರೆದುಕೊಂಡು ಬಂದ. ಸಾಲದ ಮಾತು ಅದರಲ್ಲಿ ಎದ್ದು ಕಾಣುತ್ತಿತ್ತು. ಅದನ್ನು ಆಟಿಕೆಯವರಿಗೆ ಕೇಳಿಸಿ ಬಾ ಎಂದು ಕಳುಹಿಸಿದೆ. ಅವರು ಕೇಳಿ ಸುಮ್ಮನಾದರಂತೆ. ಆಮೇಲೆ, "ಸಂಚಿಕೆ ಪೂರಾ ಕೇಳಿದೋರಿಗೆ ಸಾಲ ಯಾಕೆ ಅಂತಾನೂ ತಿಳೀತದೆ. ಇದನ್ನಷ್ಟೇ ಕೇಳಿದೋರು ಸಾಲಗಾರ ಅಂತಾರಪ್ಪ. ನನ್ನ ಮಗಳಿಗೆ ಗಂಡು ನೋಡ್ತಾ ಇದೀವಿ" ಎಂದರಂತೆ.

ಮಿತ್ರರೇ, ಸಣ್ಣ ಊರಿನ ಕಥೆ ಹೇಳುವವರು ನೆನಪಿಡಬೇಕಾದ ಮಾತು ಇದು. ಮಹಾನಗರದ ಕೇಳುಗನಿಗೆ ಅವರೊಬ್ಬ ಅಪರಿಚಿತ. ಅವರ ಬೀದಿಯಲ್ಲಿ ಹೆಸರು ಹೇಳದಿದ್ದರೂ ಎರಡು ಮಾತಿಗೆ ದನಿಯ ಗುರುತು ಹತ್ತುತ್ತದೆ. ಟ್ರೇಲರಿಗೆ ವಿವರಣೆ ಕೊಡುವ ವ್ಯವಧಾನವಿಲ್ಲ. ಅದು ತೆರಪನ್ನು ತೋರಿಸಿ ಹೊರಟುಹೋಗುತ್ತದೆ. ಆ ತೆರಪನ್ನು ಊರಿನವರು ತಮಗೆ ತೋಚಿದಂತೆ ತುಂಬಿಕೊಳ್ಳುತ್ತಾರೆ. ಸಾಲವನ್ನು ಕೈಬಿಟ್ಟೆವು. ಪ್ರಶ್ನೆಗೆ ಅದು ಬೇಕಾಗಿಯೂ ಇರಲಿಲ್ಲ. ಎರಡನೆಯ ಲೇತ್ ಒಂದೇ ಸಾಕಿತ್ತು.

'ಹೋದ ತಿಂಗಳು' ಎಂಬುದನ್ನೂ ಕೈಬಿಟ್ಟೆವು. ಬಾನುಲಿಯ ಪ್ರಕಟಣೆ ಅಂದಿಗೆ ಮುಗಿಯುತ್ತದೆ. ಟ್ರೇಲರ್ ಪಟ್ಟಿಯಲ್ಲಿ ಉಳಿದು, ಎರಡು ವರ್ಷದ ಮೇಲೆ ಬಂದವನಿಗೂ ಮೊದಲು ಕೇಳುವಂಥದಾಗುತ್ತದೆ. ಅವನಿಗೆ 'ಹೋದ ತಿಂಗಳು' ಸುಳ್ಳು. 'ಬರುವ ಸೋಮವಾರ'ವೂ ಸುಳ್ಳು. ಕೊನೆಗೆ ನಿಂತ ರೂಪ ಇದು:

ಮೊದಲ ನಾಲ್ಕು ಸೆಕೆಂಡು ಬರಿಯ ಲೇತಿನ ಸದ್ದು. ಸದ್ದು ತಗ್ಗಿ, ನಿರೂಪಕನ ದನಿ: "ಇದು ಚನ್ನಪಟ್ಟಣ. ತಿರುಗುತ್ತಿರುವುದು ಒಂದು ಬುಗುರಿ. ಇದರ ಅರ್ಧ ಬೆಲೆಗೆ ಪಕ್ಕದ ಅಂಗಡಿಯಲ್ಲಿ ಪ್ಲಾಸ್ಟಿಕ್ ಬುಗುರಿ ಸಿಗುತ್ತದೆ. ಅದು ಇವರಿಗೂ ಗೊತ್ತು. ಆದರೂ ಇವರು ಎರಡನೆಯ ಲೇತ್ ತರಿಸಿದರು." ಲೇತ್ ನಿಧಾನವಾಗಿ ನಿಲ್ಲುತ್ತದೆ, ಎರಡು ಸೆಕೆಂಡು. ಆಟಿಕೆಯವರ ದನಿ: "ಎಲ್ಲರೂ ಅದನ್ನೇ ಕೇಳ್ತಾರೆ. ಕೂತ್ಕೊಳ್ಳಿ, ಹೇಳ್ತೀನಿ." ಮತ್ತೆ ನಿರೂಪಕ: "ಸಣ್ಣ ಊರು, ಸ್ವಂತ ದುಡಿಮೆ. ಪ್ರತಿ ಸೋಮವಾರ ಹೊಸ ಸಂಚಿಕೆ."

ಒಟ್ಟು 34 ಪದಗಳು. 'ಯಾಕೆ?' ಎಂಬ ಪದವೇ ಇಲ್ಲ, ಗಮನಿಸಿ. ಅದನ್ನು ಕೇಳುಗ ತಾನೇ ಕೇಳಿಕೊಳ್ಳಲಿ ಎಂದು ಆ ಎರಡು ಸೆಕೆಂಡುಗಳನ್ನು ಇಟ್ಟದ್ದು. ಪೂರ್ತಿ ಮೌನವಿಟ್ಟರೆ ಫೋನು ಕೆಟ್ಟಿತೆಂದು ತಿಳಿದಾರು. ಆದ್ದರಿಂದ ಲೇತಿನ ಇಳಿಯುವ ಸದ್ದು. ಅದು ಸಿಗಬೇಕಾದರೆ ಮಾತುಕತೆಯನ್ನು ಯಂತ್ರ ನಿಲ್ಲಿಸಿ ಮುದ್ರಿಸಿಕೊಳ್ಳಬೇಕು; ಯಂತ್ರದ ಸದ್ದನ್ನು, ಓಡುವುದನ್ನೂ ನಿಲ್ಲುವುದನ್ನೂ, ಬೇರೆಯಾಗಿ ಒಂದೆರಡು ನಿಮಿಷ ಹಿಡಿದಿಟ್ಟುಕೊಳ್ಳಬೇಕು. ಎರಡೂ ಒಂದರಲ್ಲೇ ಬೆರೆತರೆ ಆಮೇಲೆ ಬೇರ್ಪಡಿಸುವುದು ಕಷ್ಟ.

ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ವಿಷಯ ಗೊತ್ತಿಲ್ಲದ ಒಬ್ಬರಿಗೆ ಒಂದು ಸಲ ಕೇಳಿಸಿ ಸುಮ್ಮನಿರಬೇಕು. 'ಚೆನ್ನಾಗಿದೆ' ಎಂದರೆ ಅದು ಸೋತಿದೆ. ಆ ತರುಣ ತನ್ನ ತಾಯಿಗೆ ಕೇಳಿಸಿದ. ಆಕೆ ಒಲೆಯ ಮುಂದಿನಿಂದ ತಿರುಗಿ, "ಅಲ್ಲ, ಇದ್ದ ಒಂದು ಸಾಲದೇ ಅವರಿಗೆ?" ಎಂದರಂತೆ.

ಟ್ರೇಲರ್ ಅಂದೇ ಸಿದ್ಧವಾಯಿತು.