ಪೇಪರ್ ಕಳಿಸೋ ಮುಂಚೆ ಒಂದು ಸಂಜೆ

ಅರಕೆರೆಯಿಂದ ಮೈಸೂರಿಗೆ ಬಸ್ಸಲ್ಲಿ ಹೋಗ್ತಾ ಇದನ್ನ ಕೇಳ್ತಿರೋ ಪಿಎಚ್‌ಡಿ ವಿದ್ಯಾರ್ಥಿ ನೀವಾದ್ರೆ, ಇಂಥ ಮೇಲ್ ನಿಮಗೂ ಬಂದಿರಬಹುದು: ‘ಲೇಖನ ಕಳಿಸಿ, ಮೂರೇ ದಿನದಲ್ಲಿ ಪ್ರಕಟ, ಶುಲ್ಕ 1,500 ರೂಪಾಯಿ.’ ಕೆಳಗೆ ಐಎಸ್‌ಎಸ್‌ಎನ್ ನಂಬರ್, ಪಕ್ಕದಲ್ಲಿ ‘ಯುಜಿಸಿ ಅನುಮೋದಿತ’ ಅನ್ನೋ ಮುದ್ರೆ.

ಇವೆರಡನ್ನೇ ನಂಬಿ ಕೂರಬೇಡಿ. ಐಎಸ್‌ಎಸ್‌ಎನ್ ಅನ್ನೋದು ಗಾಡಿಯ ನಂಬರ್ ಪ್ಲೇಟ್ ಇದ್ದಂಗೆ. ಗಾಡಿ ಯಾವುದು ಅಂತ ಹೇಳುತ್ತೆ, ಬ್ರೇಕ್ ಸರಿಯಿದೆಯಾ ಅಂತ ಹೇಳಲ್ಲ. ಇನ್ನು ಯುಜಿಸಿ 2018ರಲ್ಲಿ ತನ್ನ ಪಟ್ಟಿಯಿಂದಲೇ 4,305 ಜರ್ನಲ್‌ಗಳನ್ನ ತೆಗೆದುಹಾಕಿತ್ತು. ಆಮೇಲೆ ಬಂದ ಕೇರ್ ಪಟ್ಟಿಯನ್ನೂ 2025ರಲ್ಲಿ ಕೈಬಿಟ್ಟಿತು. ಹಾಗಾಗಿ ಪರೀಕ್ಷೆ ಮಾಡೋರು ಈಗ ನೀವೇ.

ಮೇಲ್‌ನಲ್ಲಿರೋ ಲಿಂಕ್ ಒತ್ತಬೇಡಿ. ಒಳ್ಳೆ ಜರ್ನಲ್‌ನ ಹೆಸರು, ನಂಬರ್ ಕದ್ದು ನಕಲಿ ವೆಬ್‌ಸೈಟ್ ಮಾಡೋರಿದ್ದಾರೆ. portal.issn.org ನಲ್ಲಿ ಆ ನಂಬರ್ ಹಾಕಿ, ಹೆಸರು, ವಿಳಾಸ ತಾಳೆಯಾಗುತ್ತಾ ನೋಡಿ. ನಂತರ ಇತ್ತೀಚಿನ ಸಂಚಿಕೆ ತೆಗೀರಿ. ರೇಷ್ಮೆ ಹುಳು, ವಚನ ಸಾಹಿತ್ಯ, ಸಿಮೆಂಟ್ ಮೂರೂ ಒಂದೇ ಕಡೆ ಇದ್ರೆ, ಅವನ್ನೆಲ್ಲ ಓದಿ ತಿದ್ದಿದೋರು ಯಾರು ಅಂತ ಕೇಳ್ಕೊಳ್ಳಿ. ಕೊನೆಗೆ ಸಂಪಾದಕ ಮಂಡಳಿಯ ಒಬ್ಬರ ಇಮೇಲನ್ನ ಅವರ ಕಾಲೇಜಿನ ವೆಬ್‌ಸೈಟಿಂದಲೇ ತಗೊಂಡು, ‘ಸರ್, ನೀವು ಈ ಜರ್ನಲ್‌ನಲ್ಲಿದ್ದೀರಾ?’ ಅಂತ ಕೇಳಿ. ಹೆಸರು ಹಾಕಿರೋದೇ ಅವರಿಗೆ ಗೊತ್ತಿಲ್ಲದಿರೋದೂ ಉಂಟು.

ಶುಲ್ಕ ಕೇಳಿದ ಮಾತ್ರಕ್ಕೆ ಮೋಸ ಅಲ್ಲ; ಒಳ್ಳೆ ಜರ್ನಲ್‌ಗಳೂ ಕೇಳ್ತವೆ. ಆದ್ರೆ ತಜ್ಞರು ಓದಿ ಅಭಿಪ್ರಾಯ ಬರೆಯೋಕೆ ವಾರ, ತಿಂಗಳುಗಳೇ ಬೇಕು. ಮೂರು ದಿನದಲ್ಲಿ ಅದು ಆಗೋ ಕೆಲಸ ಅಲ್ಲ.

ಹೋಗೋದು 1,500 ರೂಪಾಯಿ ಮಾತ್ರ ಅಲ್ಲ. ಒಮ್ಮೆ ಅಲ್ಲಿ ಅಚ್ಚಾದ ಲೇಖನವನ್ನ ಒಳ್ಳೆ ಜರ್ನಲ್ ಮತ್ತೆ ತಗೊಳ್ಳಲ್ಲ. ವರ್ಷಗಟ್ಟಲೆ ಮಾಡಿದ ಕೆಲಸ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ.