ಅರ್ಧ ಕುಡ್ತೆಯ ಚರಿತ್ರೆ



ಮಗುವಿಗೆ ಆರು ತಿಂಗಳು ತುಂಬುತ್ತದೆ. ದೇವಸ್ಥಾನದಲ್ಲೋ ಮನೆಯ ಚಾವಡಿಯಲ್ಲೋ ಅಜ್ಜನ ತೊಡೆಯ ಮೇಲೆ ಕೂರಿಸಿ ಅನ್ನಪ್ರಾಶನ ಮಾಡುತ್ತೇವೆ. ತುಟಿಗೆ ಮುಟ್ಟುವುದು ನಾಲ್ಕು ಅಗುಳು ಅನ್ನ. ಮಗು ಮುಖ ಕಿವುಚುತ್ತದೆ, ಎಲ್ಲರೂ ನಗುತ್ತೇವೆ. ಆ ದಿನದ ಲೆಕ್ಕ ಅಲ್ಲಿಗೆ ಮುಗಿಯಿತು. ಮರುದಿನ ಬೆಳಿಗ್ಗೆ ಒಲೆಯ ಮುಂದೆ ನಿಂತ ತಾಯಿಗೆ ನಿಜವಾದ ಪ್ರಶ್ನೆ ಎದುರಾಗುತ್ತದೆ: ಇವತ್ತು ಎಷ್ಟು ಕೊಡಲಿ? ಮುಂದಿನ ತಿಂಗಳು ಎಷ್ಟು? ಪುತ್ತೂರು, ಸುಳ್ಯ, ಕಡಬದ ಅಡುಗೆಮನೆಗಳಲ್ಲಿ ಈ ‘ಎಷ್ಟು’ ಎಂಬುದು ನಡೆದುಬಂದ ದಾರಿಯನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಯಾವಾಗ ಎಂಬ ಪ್ರಶ್ನೆಗೆ ನಮ್ಮ ಹಳೆಯ ವೈದ್ಯ ಗ್ರಂಥಗಳು ಉತ್ತರ ಕೊಟ್ಟಿವೆ. ಆರನೆಯ ತಿಂಗಳಲ್ಲಿ ಹಗುರವೂ ಹಿತವೂ ಆದ ಅನ್ನ ಕೊಡಬೇಕೆನ್ನುತ್ತದೆ ಸುಶ್ರುತ ಸಂಹಿತೆ. ಮಕ್ಕಳ ವೈದ್ಯಕ್ಕೇ ಮೀಸಲಾದ ಕಾಶ್ಯಪ ಸಂಹಿತೆಯಲ್ಲಿ ಪ್ರಮಾಣದ ಮಾತೂ ಬರುತ್ತದೆ. ಹುಟ್ಟಿದ ಮಗುವಿಗೆ ನೆಕ್ಕಿಸುವ ಔಷಧಿ ವಾಯುವಿಳಂಗದ ಕಾಳಿನಷ್ಟಿರಲಿ, ತಿಂಗಳು ತಿಂಗಳಿಗೆ ಹೆಚ್ಚಿಸುತ್ತ ಹೋಗಿ, ಆದರೆ ನೆಲ್ಲಿಕಾಯಿಯ ಗಾತ್ರ ಮೀರಬೇಡಿ ಎಂದು ಅದು ಹೇಳುತ್ತದೆ. ಇದು ಮದ್ದಿನ ಅಳತೆ, ಊಟದ್ದಲ್ಲ. ಆದರೂ ತಿಂಗಳಿಗೆ ತಕ್ಕಂತೆ ಪ್ರಮಾಣ ಏರಬೇಕು, ಆ ಏರಿಕೆಗೊಂದು ಮಿತಿ ಇರಬೇಕು ಎಂಬ ವಿಚಾರ ಅಷ್ಟು ಹಿಂದೆಯೇ ಇತ್ತು.

ನಮ್ಮ ಅಜ್ಜಿಯಂದಿರ ಅಡುಗೆಮನೆಯಲ್ಲಿ ಮಗುವಿನ ಮೊದಲ ಊಟವೆಂದರೆ ರಾಗಿ ಮಣ್ಣಿ. ಘಟ್ಟದ ಮೇಲಿನಿಂದ ಬಂದ ರಾಗಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಡೆಯುವ ಕಲ್ಲಿನಲ್ಲಿ ನುಣ್ಣಗೆ ಅರೆದು, ತೆಳ್ಳನೆಯ ಬಟ್ಟೆಯಲ್ಲಿ ಸೋಸಿ ಹಾಲು ಹಿಂಡುತ್ತಿದ್ದರು. ಹಾಲು ತಂಗಿದ ಮೇಲೆ ಮೇಲಿನ ತಿಳಿ ಚೆಲ್ಲಿ, ಅಡಿಯ ಗಸಿಗೆ ಬೇಕಷ್ಟು ನೀರು ಸೇರಿಸಿ, ಬೆಲ್ಲ ಹಾಕಿ, ಕೈಬಿಡದೆ ತಿರುವುತ್ತಿದ್ದರು. ಸುಳ್ಯದ ಗಡಿಯಾಚೆ ಮಲಯಾಳ ಮಾತಾಡುವ ಮನೆಗಳಲ್ಲಿ ಇದೇ ರಾಗಿಗೆ ಮುತ್ತಾರಿ ಎಂಬ ಹೆಸರು. ಕೆಲವು ಮನೆಗಳಲ್ಲಿ ಒಣಗಿಸಿದ ಬಾಳೆಕಾಯಿಯ ಹುಡಿಯ ಮಣ್ಣಿ, ಕೆಲವೆಡೆ ಕೂವೆ ಹುಡಿಯ ಮಣ್ಣಿ. ಆಮೇಲೆ ಕುಚ್ಚಲಕ್ಕಿ ಗಂಜಿಯ ತಿಳಿ. ಅಳತೆ ಕೇಳಿದರೆ ಅಜ್ಜಿ ಹೇಳುತ್ತಿದ್ದದ್ದು ಒಂದೇ ಮಾತು: ‘ಮಗುವಿನ ಹೊಟ್ಟೆ ನೋಡಿ ಕೊಡು.’

ಆ ಮಾತಿನಲ್ಲಿ ಹುರುಳಿದೆ. ಅದರ ಜೊತೆಗೇ ಒಂದು ಎಡವಟ್ಟೂ ಸೇರಿಕೊಂಡಿದೆ. ಗಂಜಿಯ ತಿಳಿ ಕುಡಿದರೂ ಹೊಟ್ಟೆ ತುಂಬುತ್ತದೆ, ಗಟ್ಟಿ ಗಂಜಿ ಉಂಡರೂ ತುಂಬುತ್ತದೆ. ಹೊಟ್ಟೆ ಅಳೆಯುವುದು ಗಾತ್ರವನ್ನು, ಒಳಗಿನ ಸತ್ವವನ್ನಲ್ಲ. ಎಳೆಯ ಮಗುವಿನ ಹೊಟ್ಟೆ ಬಲು ಸಣ್ಣದು: ಒಂದು ಕಿಲೋ ತೂಕಕ್ಕೆ ಸುಮಾರು 30 ಮಿಲಿಲೀಟರ್. ಏಳು ಕಿಲೋ ತೂಗುವ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 210 ಮಿಲಿಲೀಟರ್ ಮಾತ್ರ. ನೂರು ಮಿಲಿಲೀಟರ್ ಎದೆಹಾಲಿನಲ್ಲಿ 65ರಿಂದ 70 ಕ್ಯಾಲೊರಿ ಶಕ್ತಿ ಇರುತ್ತದೆ. ಗಂಜಿಯ ತಿಳಿ ಬಹುಪಾಲು ನೀರು. ಹಾಗಾಗಿ ತಿಳಿ ಕುಡಿಸಿ ಹೊಟ್ಟೆ ತುಂಬಿಸಿದಾಗ ಎದೆಹಾಲಿನ ಜಾಗದಲ್ಲಿ ನೀರು ಕೂತುಬಿಡುತ್ತದೆ. ದಿನಕ್ಕೆ ನಾಲ್ಕು ಸಲ ಗಂಜಿ ಕುಡಿಯುವ ಮಗುವಿನ ತೂಕ ಅಂಗನವಾಡಿಯ ತಕ್ಕಡಿಯಲ್ಲಿ ಏಕೆ ಏರುವುದಿಲ್ಲ ಎಂಬುದಕ್ಕೆ ಹಲವು ಸಲ ಇದೇ ಉತ್ತರ.

ಈ ಗಂಟನ್ನು ಬಿಡಿಸುವ ಕೆಲಸ ನಮ್ಮ ಕರ್ನಾಟಕದಲ್ಲೇ ನಡೆಯಿತು. ಮೈಸೂರಿನ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮಲ್ಲೇಶಿ ಮತ್ತು ದೇಶಿಕಾಚಾರ್ ಎಂಬ ವಿಜ್ಞಾನಿಗಳು 1982ರಲ್ಲಿ ಮೊಳಕೆ ಬರಿಸಿದ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರವೊಂದನ್ನು ಪ್ರಕಟಿಸಿದರು. ಅದರ ಹಿಂದಿನ ಗುಟ್ಟು ಸರಳ. ಸಾದಾ ರಾಗಿ ಹಿಟ್ಟಿನಲ್ಲಿರುವ ಪಿಷ್ಟ ಕುದಿಯುವಾಗ ನೀರು ಹೀರಿ ಉಬ್ಬುತ್ತದೆ. ಹಿಟ್ಟು ಸ್ವಲ್ಪವೇ ಇದ್ದರೂ ಮಣ್ಣಿ ಗಟ್ಟಿಯಾಗಿ ಕಾಣುತ್ತದೆ. ಮೊಳಕೆ ಬಂದ ರಾಗಿಯಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ, ಅದು ಪಿಷ್ಟವನ್ನು ಕತ್ತರಿಸಿ ಹಾಕುತ್ತದೆ. ಆಗ ಹೆಚ್ಚು ಹಿಟ್ಟು ಹಾಕಿದರೂ ಮಗು ನುಂಗುವಷ್ಟು ಮೆದುವಾಗಿಯೇ ಇರುತ್ತದೆ.

ಏಳು ತಿಂಗಳ, ಎದೆಹಾಲು ಕುಡಿಯುವ ಒಂದು ಮಗುವನ್ನು ಕಣ್ಣಮುಂದೆ ತಂದುಕೊಳ್ಳೋಣ. ಎದೆಹಾಲಿನ ಮೇಲೆ ಅದಕ್ಕೆ ಮನೆಯ ಊಟದಿಂದ ದಿನಕ್ಕೆ ಬೇಕಾಗುವುದು ಸುಮಾರು 200 ಕ್ಯಾಲೊರಿ. ಒಂದು ಹೊತ್ತಿಗೆ 125 ಮಿಲಿಲೀಟರ್, ಅಂದರೆ ಅರ್ಧ ಬಟ್ಟಲು ಮಣ್ಣಿ ಎಂದಿಟ್ಟುಕೊಳ್ಳಿ. ಸಾದಾ ರಾಗಿ ಹಿಟ್ಟಿನದಾದರೆ ಅದರೊಳಗೆ ಸುಮಾರು 12 ಗ್ರಾಂ ರಾಗಿ ಇರುತ್ತದೆ, ಅದರಿಂದ ಸಿಗುವುದು 40 ಕ್ಯಾಲೊರಿಯ ಆಸುಪಾಸು. ಮೂರು ಹೊತ್ತು ಕೊಟ್ಟರೂ 120. ಅರ್ಧ ಚಹಾ ಚಮಚ ತುಪ್ಪ ಸೇರಿಸಿದರೆ ಹೊತ್ತಿಗೆ ಇನ್ನೊಂದು 20 ಬರುತ್ತದೆ, ಒಟ್ಟು 180. ಮೊಳಕೆ ರಾಗಿಯದಾದರೆ ಅದೇ ಅರ್ಧ ಬಟ್ಟಲಿನಲ್ಲಿ ಸುಮಾರು 25 ಗ್ರಾಂ ಹಿಡಿಯುತ್ತದೆ. ಒಂದು ಹೊತ್ತಿಗೆ 80 ಕ್ಯಾಲೊರಿ, ಮೂರು ಹೊತ್ತಿಗೆ 240. ಬಟ್ಟಲು ಅದೇ, ಮಗುವಿನ ಹೊಟ್ಟೆಯೂ ಅದೇ. ಅದಕ್ಕೇ ‘ಎಷ್ಟು ಬಟ್ಟಲು’ ಎಂದು ಕೇಳುವಾಗ ‘ಎಂಥದ್ದರ ಬಟ್ಟಲು’ ಎಂದೂ ಕೇಳಿಕೊಳ್ಳಬೇಕು.

ಮೊಳಕೆ ಹುಡಿ ಮಾಡಲು ರಾಗಿಯನ್ನು ತೊಳೆದು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಇಡಬೇಕು. ಬಟ್ಟೆ ಆರದಂತೆ ನೀರು ಚಿಮುಕಿಸುತ್ತಿರಬೇಕು. ಬಿಳಿ ಮೊಳಕೆ ಕಂಡ ಮೇಲೆ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಪರಿಮಳ ಬರುವಷ್ಟು ಹುರಿದು, ಕೈಯಲ್ಲಿ ಉಜ್ಜಿ ಬೇರು ಉದುರಿಸಿ, ಹುಡಿ ಮಾಡಿ ಜರಡಿ ಹಿಡಿಯಬೇಕು. ನಮ್ಮೂರಿನಲ್ಲಿ ತೊಡಕಾಗುವುದು ಒಣಗಿಸುವಲ್ಲಿ. ಜೂನ್ ಕಾಲಿಟ್ಟ ಮೇಲೆ ಇಲ್ಲಿ ಬಿಸಿಲನ್ನು ನಂಬುವ ಹಾಗಿಲ್ಲ. ಅರೆಬರೆ ಒಣಗಿದ ಮೊಳಕೆಗೆ ಬೂಸ್ಟು ಹಿಡಿಯುತ್ತದೆ. ಮುಗ್ಗುಲು ವಾಸನೆ ಬಂದರೆ, ಹುಳಿ ವಾಸನೆ ಬಂದರೆ, ಕಾಳಿನ ಮೇಲೆ ಕಪ್ಪು ಅಥವಾ ಹಸಿರು ಚುಕ್ಕಿ ಕಂಡರೆ ತೊಳೆದು ಉಳಿಸಿಕೊಳ್ಳಲು ಹೋಗಬೇಡಿ, ಅಷ್ಟನ್ನೂ ಎಸೆಯಿರಿ. ಮಾರ್ಚ್, ಏಪ್ರಿಲ್‌ನಲ್ಲಿ ಸ್ವಲ್ಪ ಸ್ವಲ್ಪವೇ ಮಾಡಿ ಗಾಳಿಯಾಡದ ಡಬ್ಬದಲ್ಲಿಡುವುದು ಒಳ್ಳೆಯದು. ಮಳೆಗಾಲದಲ್ಲಿ ಹುಡಿ ಮುಗಿದರೆ ಸಾದಾ ರಾಗಿಗೇ ಅರ್ಧ ಚಮಚ ತುಪ್ಪ ಮತ್ತು ಚೆನ್ನಾಗಿ ಬೇಯಿಸಿ ಮಸೆದ ಹೆಸರುಬೇಳೆ ಸೇರಿಸಿದರೆ ಕೆಲಸ ನಡೆಯುತ್ತದೆ.

ಇನ್ನು ಅಳತೆಯ ಚರಿತ್ರೆಗೆ ಬರೋಣ. ಬಹುಕಾಲ ವೈದ್ಯರು ‘ನಾಲ್ಕರಿಂದ ಆರು ತಿಂಗಳೊಳಗೆ’ ಮೇಲೂಟ ಶುರುಮಾಡಿ ಎನ್ನುತ್ತಿದ್ದರು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತಿದ್ದಿ, ಆರು ತಿಂಗಳು ಪೂರ್ತಿ ಎದೆಹಾಲು ಮಾತ್ರ ಎಂದು ನಿಗದಿ ಮಾಡಿತು. ಊಟದಿಂದ ಬೇಕಾಗುವ ಶಕ್ತಿಯ ಲೆಕ್ಕವೂ ಬದಲಾಯಿತು. 1998ರಲ್ಲಿ 6ರಿಂದ 8 ತಿಂಗಳ ಮಗುವಿಗೆ 269 ಕ್ಯಾಲೊರಿ ಎಂದಿದ್ದದ್ದು 2003ರ ಹೊತ್ತಿಗೆ 200ಕ್ಕೆ ಇಳಿಯಿತು. ಅಷ್ಟು ಉಣ್ಣಿಸಲೇಬೇಕೆಂದು ಹಿಂದೆ ಮಕ್ಕಳ ಬಾಯಿಗೆ ತುರುಕಿದ್ದರಲ್ಲಿ ಒಂದಿಷ್ಟು ಪಾಲು ಬೇಕಾಗಿಯೇ ಇರಲಿಲ್ಲ ಎಂದಾಯಿತು. ಭಾರತ ಸರ್ಕಾರದ ಮಾರ್ಗಸೂಚಿ 2004ರಲ್ಲಿ ಬಂತು, 2006ರಲ್ಲಿ ಪರಿಷ್ಕಾರವಾಯಿತು.

ಇವತ್ತು ನಮ್ಮ ಕೈಯಲ್ಲಿರುವ ಅಳತೆ ಹೀಗಿದೆ. 250 ಮಿಲಿಲೀಟರಿನ ಒಂದು ಬಟ್ಟಲು ಇಟ್ಟುಕೊಳ್ಳಿ. ಆರು ತಿಂಗಳು ತುಂಬಿದಾಗ ಎರಡು ಮೂರು ಊಟದ ಚಮಚದಷ್ಟು, ದಿನಕ್ಕೆ ಎರಡರಿಂದ ಮೂರು ಸಲ. ಅಲ್ಲಿಂದ ಮೆಲ್ಲಗೆ ಹೆಚ್ಚಿಸುತ್ತ ಎಂಟು ತಿಂಗಳ ಹೊತ್ತಿಗೆ ಅರ್ಧ ಬಟ್ಟಲಿಗೆ ತನ್ನಿ. ಒಂಬತ್ತರಿಂದ ಹನ್ನೊಂದನೆಯ ತಿಂಗಳವರೆಗೆ ಅದೇ ಅರ್ಧ ಬಟ್ಟಲು, ಆದರೆ ಮೂರರಿಂದ ನಾಲ್ಕು ಸಲ. ಇಲ್ಲಿ ಹೆಚ್ಚುವುದು ಬಟ್ಟಲಲ್ಲ, ಹೊತ್ತು. ನುಣ್ಣಗೆ ಮಸೆದದ್ದರ ಬದಲು ಬೆರಳಿನಲ್ಲಿ ಹಿಚುಕಿದ ಕುಚ್ಚಲಕ್ಕಿ ಅನ್ನವೂ ಈ ಹೊತ್ತಿಗೆ ಆಗಬಹುದು. ವರ್ಷ ತುಂಬಿದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು, ಮೂರರಿಂದ ನಾಲ್ಕು ಸಲ. ಇವೆಲ್ಲ ಎದೆಹಾಲು ಕುಡಿಯುತ್ತಿರುವ ಮಗುವಿನ ಲೆಕ್ಕ. ಎದೆಹಾಲು ಇಲ್ಲದ ಮಗುವಿಗೆ ಇದರ ಮೇಲೆ ಒಂದೆರಡು ಊಟ ಮತ್ತು ಹಾಲು ಬೇಕು, ಅದನ್ನು ವೈದ್ಯರನ್ನು ಕೇಳಿ ಗೊತ್ತುಮಾಡಿಕೊಳ್ಳಬೇಕು.

ಅಜ್ಜಿಯ ಮಣ್ಣಿಯಲ್ಲಿದ್ದ ಬೆಲ್ಲದ ಮಾತೂ ಬದಲಾಗಿದೆ. ಸತ್ವ ಹೆಚ್ಚಲಿ ಎಂದು 2006ರ ಮಾರ್ಗಸೂಚಿಯೇ ಸಕ್ಕರೆ, ಬೆಲ್ಲ ಸೇರಿಸಲು ಹೇಳಿತ್ತು. 2023ರಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಸಿಹಿ, ಉಪ್ಪು ಹೆಚ್ಚಿರುವ ತಿನಿಸು ಎರಡು ವರ್ಷದೊಳಗಿನ ಮಗುವಿಗೆ ಬೇಡ ಎನ್ನುತ್ತದೆ. ಆದ್ದರಿಂದ ಸತ್ವಕ್ಕೆ ತುಪ್ಪ ಇರಲಿ, ಸಿಹಿಗೆ ಕಳಿತ ಕದಳಿ ಬಾಳೆಹಣ್ಣನ್ನು ಮಸೆದು ಸೇರಿಸಿ. ಜೇನುತುಪ್ಪವನ್ನಂತೂ ಒಂದು ವರ್ಷದವರೆಗೆ ನೆಕ್ಕಿಸಲೇಬಾರದು. ಮಣ್ಣಿ, ಗಂಜಿ ಎರಡರಲ್ಲೂ ಕಬ್ಬಿಣದ ಅಂಶ ಸಾಕಾಗುವುದಿಲ್ಲ. ಮುಳ್ಳು ತೆಗೆದ ಮೀನು, ಪೂರ್ತಿ ಬೇಯಿಸಿದ ಮೊಟ್ಟೆ, ಅವನ್ನು ತಿನ್ನದ ಮನೆಯಲ್ಲಿ ಬೇಳೆ ಮತ್ತು ಬಸಳೆ ಅಥವಾ ನುಗ್ಗೆಸೊಪ್ಪು ಅದೇ ಅರ್ಧ ಬಟ್ಟಲಿನೊಳಗೆ ಜಾಗ ಪಡೆಯಬೇಕು.

ಇಷ್ಟೆಲ್ಲ ಅಳೆದ ಮೇಲೂ ಅಜ್ಜಿಯ ಮಾತಿನ ಹುರುಳು ಉಳಿಯುತ್ತದೆ. ಅಮೆರಿಕದ ವೈದ್ಯೆ ಕ್ಲಾರಾ ಡೇವಿಸ್ 1928ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಆಗಷ್ಟೇ ಹಾಲು ಬಿಟ್ಟ ಮಕ್ಕಳ ಮುಂದೆ ಬಗೆಬಗೆಯ ಸಾದಾ ಆಹಾರ ಇಟ್ಟು, ಒತ್ತಾಯ ಮಾಡದೆ, ಮಗು ಕೈತೋರಿದ್ದನ್ನು ಮಾತ್ರ ಕೊಟ್ಟರು. ಒಂದು ದಿನ ಒಂದನ್ನು ಹೆಚ್ಚು ತಿಂದು ಇನ್ನೊಂದು ದಿನ ಮುಟ್ಟದಿದ್ದರೂ ಮಕ್ಕಳು ಚೆನ್ನಾಗಿ ಬೆಳೆದರು. ಆದರೆ ಎದುರಿಗಿದ್ದದ್ದೆಲ್ಲ ಒಳ್ಳೆಯ ಆಹಾರವೇ ಆಗಿತ್ತು ಎಂಬುದನ್ನು ಮರೆಯುವಂತಿಲ್ಲ. ಬಟ್ಟಲಿನಲ್ಲಿ ಏನು ಇರಬೇಕೆಂದು ನಾವು ತೀರ್ಮಾನಿಸೋಣ, ಅದರಲ್ಲಿ ಎಷ್ಟು ಉಣ್ಣಬೇಕೆಂದು ಮಗು ತೀರ್ಮಾನಿಸಲಿ. ಬಾಯಿ ಮುಚ್ಚಿಕೊಂಡರೆ, ತಲೆ ತಿರುಗಿಸಿದರೆ ಸಾಕೆಂದು ಅರ್ಥ. ಒಂದು ದಿನ ಅರ್ಧ ಬಿಟ್ಟರೆ ಗಾಬರಿ ಬೇಡ. ತಿಂಗಳಿಗೊಮ್ಮೆ ತೂಕ ಹಾಕಿಸಿ ಬೆಳವಣಿಗೆಯ ಪಟ್ಟಿ ನೋಡಿ. ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಅಳತೆ ಸರಿಯಿದೆ. ಮಟ್ಟಸವಾಗಿ ನಿಂತರೆ ಬಟ್ಟಲು ದೊಡ್ಡದು ಮಾಡುವ ಮೊದಲು ಅದರೊಳಗಿನದು ನೀರಾಗಿದೆಯೇ ನೋಡಿ, ಜ್ವರ ಭೇದಿ ಇತ್ತೇ ನೆನಪಿಸಿಕೊಳ್ಳಿ, ವೈದ್ಯರಿಗೂ ತೋರಿಸಿ.

ಕೊನೆಗೆ ಇವತ್ತೇ ಮಾಡಬಹುದಾದ ಒಂದು ಕೆಲಸ. ನಮ್ಮಲ್ಲಿ ಅಕ್ಕಿ ಅಳೆಯುವ ಕುಡ್ತೆ ಮನೆಯಿಂದ ಮನೆಗೆ ಬೇರೆ, ಅದನ್ನು ನಂಬಿ ಮಗುವಿನ ಊಟ ಅಳೆಯಬೇಡಿ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಒಡೆದು ಒಂದೇ ತರದ ಎರಡು ಸ್ಟೀಲ್ ಬಟ್ಟಲಿಗೆ ಸಮನಾಗಿ ಹೊಯ್ಯಿರಿ. ಒಂದೊಂದರಲ್ಲೂ ಈಗ 250 ಮಿಲಿಲೀಟರ್ ಇದೆ. ಒಂದು ಬಟ್ಟಲಿನಲ್ಲಿ ಹಾಲು ನಿಂತ ಮಟ್ಟಕ್ಕೆ ಮೊಳೆಯ ತುದಿಯಿಂದ ಹೊರಗೊಂದು ಗೀರು ಎಳೆಯಿರಿ. ಅದರಲ್ಲಿ ಅರ್ಧವನ್ನು ಮತ್ತೊಂದು ಪಾತ್ರೆಗೆ ಬಗ್ಗಿಸಿ, ಉಳಿದ ಮಟ್ಟಕ್ಕೆ ಇನ್ನೊಂದು ಗೀರು. ಆ ಬಟ್ಟಲು ಮಗುವಿಗೇ ಮೀಸಲಿರಲಿ, ದೊಡ್ಡವರ ತಟ್ಟೆಯಿಂದ ತುತ್ತು ಕೊಟ್ಟು ಲೆಕ್ಕ ತಪ್ಪಿಸಬೇಡಿ. ತಾಯಿ ಕೆಲಸಕ್ಕೆ ಹೋದ ದಿನ ಅಜ್ಜಿ ಉಣ್ಣಿಸಿದರೂ, ಅಜ್ಜಿ ಅಡಿಕೆ ತೋಟಕ್ಕೆ ಹೋದ ದಿನ ಅಕ್ಕ ಉಣ್ಣಿಸಿದರೂ, ಮಗು ಎಷ್ಟು ಉಂಡಿತೆಂದು ಆ ಎರಡು ಗೀರುಗಳೇ ಹೇಳುತ್ತವೆ.